ಮಂಗಳವಾರದ ಹಾಲು ಎಲ್ಲಿ ಹೋಯಿತು?

(ಸಂಖ್ಯಾಶಾಸ್ತ್ರ ಓದುತ್ತಿರುವ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಮಾತಿನಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಬೇಕೆಂದಿರುವುದು ಒಂದು ಪತ್ರದ ಕಥೆ. ಅದನ್ನು ಬರೆದವಳು ನಾನೇ. ಒಂದೂವರೆ ಪುಟದ ಪತ್ರ. ಬರೆಯುವುದಕ್ಕೆ ಆರು ದಿನ ಹಿಡಿಯಿತು, ಅದರಲ್ಲಿ ಐದು ದಿನ ಒಂದಕ್ಷರವನ್ನೂ ಬರೆದಿರಲಿಲ್ಲ.

ನಾನಾಗ ಕೆಲಸ ಮಾಡುತ್ತಿದ್ದುದು ಹಳ್ಳಿಗಳಿಂದ ಹಾಲು ಕೊಳ್ಳುವ ಒಂದು ಖಾಸಗಿ ಕಂಪನಿಯಲ್ಲಿ. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಡೇರಿಗೆ ಹಾಲು ಹಾಕಿರುತ್ತಾರೆ, ಆದ್ದರಿಂದ ಕೇಂದ್ರದಲ್ಲಿ ಏನು ನಡೆಯುತ್ತದೆ ಎಂದು ವಿವರಿಸಬೇಕಿಲ್ಲ. ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತೀರಿ, ಹಾಲು ತೂಗುತ್ತಾರೆ, ಒಂದು ಚಮಚದಷ್ಟು ತೆಗೆದು ಯಂತ್ರಕ್ಕೆ ಹಾಕಿ ಫ್ಯಾಟ್, ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ನೋಡುತ್ತಾರೆ, ಕಿರ್ ಎಂದು ಚೀಟಿ ಬರುತ್ತದೆ. ಆ ಒಂದು ಚೀಟಿ ಎಂದರೆ ನನಗೆ ಒಂದು ಸಾಲು. ಕೇಂದ್ರದ ಸಂಖ್ಯೆ, ರೈತರ ಸಂಖ್ಯೆ, ದಿನಾಂಕ, ಬೆಳಿಗ್ಗೆಯೋ ಸಂಜೆಯೋ, ಗಂಟೆ, ಚೀಟಿ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೂಪಾಯಿ. ಯಂತ್ರ ಮತ್ತು ಅದರ ಸಾಫ್ಟ್‌ವೇರ್ ನಮ್ಮದಲ್ಲ, ಹೊರಗಿನ ಒಂದು ಕಂಪನಿಯದು. ಯಂತ್ರಗಳು ಚೀಟಿಯ ವಿವರವನ್ನು ಅವರ ಸರ್ವರಿಗೆ ಕಳಿಸುತ್ತವೆ, ಅವರು ದಿನಾ ರಾತ್ರಿ ಒಂಬತ್ತಕ್ಕೆ ಆ ದಿನದ ಎಲ್ಲ ಸಾಲುಗಳನ್ನು ಒಂದು ಫೈಲಿನಲ್ಲಿ ಕಟ್ಟಿ ನಮಗೆ ಕೊಡುತ್ತಾರೆ. ನಾನು ಬೆಳಿಗ್ಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಅದು ನಮ್ಮ ಡೇಟಾಬೇಸಿನಲ್ಲಿ ಇರುತ್ತದೆ.

ಇರಬೇಕು, ಎನ್ನಿ.

2024ರ ಫೆಬ್ರವರಿ ಕೊನೆಯ ವಾರದಲ್ಲಿ ಒಂದು ಕೇಂದ್ರದ ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ಈ ಸಲಾನೂ ಬಟವಾಡೆಯಲ್ಲಿ ಮಂಗಳವಾರದ ಹಾಲು ಬಂದಿಲ್ಲ, ಎಷ್ಟು ಸಲ ಅಂತ ಚೀಟಿ ಕಳಿಸೋದು?" ಎಂದರು. ಎಷ್ಟು ಸಲ ಎಂಬ ಮಾತು ಕೇಳಿ ಗಾಬರಿಯಾಯಿತು, ಏಕೆಂದರೆ ನನಗೆ ಅದು ಮೊದಲನೆಯ ಸಲ. ವಿಚಾರಿಸಿದರೆ, ಜನವರಿಯಿಂದಲೂ ರೈತರು ಚೀಟಿ ತಂದು ತೋರಿಸುತ್ತಿದ್ದರು. ನಮ್ಮ ಲೆಕ್ಕಪತ್ರ ವಿಭಾಗದವರು ಒಳ್ಳೆಯವರು, ಚೀಟಿ ನೋಡಿ ಮುಂದಿನ ಬಿಲ್ಲಿಗೆ ಹಿಂಬಾಕಿ ಎಂದು ಸೇರಿಸಿ ಕೊಡುತ್ತಿದ್ದರು. ರೈತರಿಗೆ ದುಡ್ಡು ತಡವಾಯಿತೇ ಹೊರತು ತಪ್ಪಲಿಲ್ಲ. ಆದರೆ ಎಂಟು ವಾರಗಳ ಕಾಲ ಒಂದು ತೂತನ್ನು ಯಾರೋ ಕೈಯಿಂದ ಮುಚ್ಚುತ್ತಿದ್ದರು, ತೂತು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. ಕೂಡಲೇ ಆ ಹೊರಗಿನ ಕಂಪನಿಗೆ ಮೇಲ್ ಬರೆದೆ: "ಕೆಲವು ದಿನ ನಿಮ್ಮ ಫೈಲಿನಲ್ಲಿ ಸಾಲುಗಳು ಬರುತ್ತಿಲ್ಲ. ದಯವಿಟ್ಟು ತಕ್ಷಣ ಸರಿಪಡಿಸಿ." ಮರುದಿನ ಉತ್ತರ ಬಂತು: "ನಮ್ಮ ಲಾಗ್ ನೋಡಿದೆವು. ಪ್ರತಿದಿನ ತಯಾರಾದ ಸಾಲುಗಳ ಸಂಖ್ಯೆಯೂ ಕಳಿಸಿದ ಸಾಲುಗಳ ಸಂಖ್ಯೆಯೂ ಒಂದೇ ಇದೆ. ನಿಮ್ಮ ಕಡೆ ಪರಿಶೀಲಿಸಿ." ಅವರು ಸುಳ್ಳು ಹೇಳಿರಲಿಲ್ಲ. ನಾನು ಕೆಲವು ದಿನ ಅಂದೆ, ಅವರು ಪ್ರತಿದಿನ ಅಂದರು. ಅಲ್ಲಿಗೆ ಮಾತು ಮುಗಿಯಿತು. ಆ ಉತ್ತರದಲ್ಲಿ ಇದ್ದ ಒಂದು ಸೂಕ್ಷ್ಮ ಆಮೇಲೆ ಹೊಳೆಯಿತು, ಅದನ್ನು ಮುಂದೆ ಹೇಳುತ್ತೇನೆ.

ಒಂದು ಸಾಲು ಕಾಣೆಯಾಗಿದೆ ಎನ್ನಬೇಕಾದರೆ ಅದು ಇತ್ತು ಎಂದು ಬೇರೆ ಯಾವುದಾದರೂ ಹೇಳಬೇಕು. ಫೈಲೇ ತನ್ನಲ್ಲಿ ಏನಿಲ್ಲ ಎಂದು ಹೇಳಲಾರದು. ನಮಗೆ ಇಂಥ ಸಾಕ್ಷಿ ಎರಡು ಇದ್ದವು. ಒಂದು ಚೀಟಿ ಸಂಖ್ಯೆ. ಪ್ರತಿ ಪಾಳಿ ಶುರುವಾದಾಗ ಯಂತ್ರ ಒಂದರಿಂದ ಎಣಿಸುತ್ತದೆ, ನಡುವೆ ಯಾವುದನ್ನೂ ಹಾರಿಸುವುದಿಲ್ಲ. ಇನ್ನೊಂದು ಶೀತಲೀಕರಣ ಕೇಂದ್ರದ ತೂಕ. ನಮ್ಮ ಹಳ್ಳಿ ಕೇಂದ್ರಗಳಲ್ಲಿ ಕೂಲರ್ ಇರಲಿಲ್ಲ. ಕ್ಯಾನುಗಳನ್ನು ಹಾಲಿನ ಗಾಡಿ ತರುತ್ತದೆ, ಇಳಿಸುವಾಗ ಕೇಂದ್ರವಾರು ತೂಗುತ್ತಾರೆ. ಆ ತೂಕದ ಯಂತ್ರಕ್ಕೂ ಫೈಲು ಕಳಿಸುವ ಕಂಪನಿಗೂ ಸಂಬಂಧವಿಲ್ಲ. ತೂಕ ಕಿಲೋದಲ್ಲಿ, ಫೈಲು ಲೀಟರಿನಲ್ಲಿ, ಆದ್ದರಿಂದ 1.03ರಿಂದ ಭಾಗಿಸಬೇಕು, ಅಷ್ಟೇ.

ಫೆಬ್ರವರಿ 6ರ ಮಂಗಳವಾರ, 14ನೇ ಕೇಂದ್ರ, ಬೆಳಗಿನ ಪಾಳಿ. ಫೈಲಿನಲ್ಲಿದ್ದ ಸಾಲುಗಳ ಹಾಲು ಕೂಡಿದರೆ 401.2 ಲೀಟರ್. ಗಾಡಿಯಿಂದ ಇಳಿದದ್ದು 623 ಕಿಲೋ, ಅಂದರೆ 604.9 ಲೀಟರ್. ಇನ್ನೂರು ಲೀಟರ್ ಹಾಲು ಗಾಡಿಯಲ್ಲಿದೆ, ಲೆಕ್ಕದಲ್ಲಿಲ್ಲ. ಯಾರೋ ನೀರು ಹಾಕಿದರೆ ಇಷ್ಟು ಹೆಚ್ಚುವುದಿಲ್ಲ ಬಿಡಿ, ಹೆಚ್ಚಿದರೂ ಫ್ಯಾಟ್ ಹೇಳಿಬಿಡುತ್ತದೆ.

ಈಗ ಚೀಟಿ ಸಂಖ್ಯೆ. ಜನವರಿ 1ರಿಂದ ಫೆಬ್ರವರಿ 25ರವರೆಗೆ, ಸರಿಯಾಗಿ ಎಂಟು ವಾರ ತೆಗೆದುಕೊಂಡೆ. ಪ್ರತಿ ಕೇಂದ್ರ, ಪ್ರತಿ ಪಾಳಿಯಲ್ಲಿ ಯಾವ ಯಾವ ಸಂಖ್ಯೆ ಇಲ್ಲ ಎಂದು ಪಟ್ಟಿ ಮಾಡಿದೆ. 659 ಬಂತು. ಕೋಪದಲ್ಲಿ ಎರಡನೇ ಪತ್ರದ ಕರಡು ಬರೆದೇಬಿಟ್ಟೆ: "ನೀವು 659 ಸಾಲು ಕಳೆದಿದ್ದೀರಿ." ಕಳಿಸುವ ಮೊದಲು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಪ್ರಶ್ನೆ ಕೇಳಿದರು: "ಇದನ್ನ ಲೆಕ್ಕ ಹಾಕಿದ್ದು ಅವರ ಫೈಲಿಂದಲೋ, ನಮ್ಮ ಟೇಬಲಿಂದಲೋ?"

ನಮ್ಮ ಟೇಬಲಿನಿಂದ. ಅಂದರೆ ಅವರ ಫೈಲು ನಮ್ಮ ಪ್ರೋಗ್ರಾಂ ಓದಿ, ತುಂಬಿ, ಆದಮೇಲಿನ ರೂಪದಿಂದ. ಮೂಲ ಫೈಲುಗಳು, ಪುಣ್ಯಕ್ಕೆ, ಬಂದ ಹಾಗೆಯೇ ಒಂದು ಫೋಲ್ಡರಿನಲ್ಲಿ ಉಳಿದಿದ್ದವು. ಒಂದೊಂದು ಫೈಲಿನ ಸಾಲು ಎಣಿಸಿ ಟೇಬಲಿನ ಎಣಿಕೆಯ ಪಕ್ಕ ಇಟ್ಟೆ. ಎಂಟು ವಾರದಲ್ಲಿ 47 ಸಾಲು ಫೈಲಿನಲ್ಲಿ ಇವೆ, ಟೇಬಲಿನಲ್ಲಿ ಇಲ್ಲ. ಅವನ್ನು ಕಳೆದವಳು ನಾನು.

ಹೇಗೆ ಅಂತೀರಾ? ನಾನು ಟೇಬಲಿಗೆ ಇಟ್ಟಿದ್ದ ನಿಯಮ: ಒಂದು ಕೇಂದ್ರ, ಒಬ್ಬ ರೈತ, ಒಂದು ದಿನ, ಒಂದು ಪಾಳಿಗೆ ಒಂದೇ ಸಾಲು, ಎರಡನೆಯದು ಬಂದರೆ ಮೊದಲನೆಯದರ ಮೇಲೆ ಬರೆದುಕೊಳ್ಳಲಿ. ಅದೇ ಫೈಲು ಎರಡು ಸಲ ಬಂದರೆ ಲೆಕ್ಕ ಇಮ್ಮಡಿಯಾಗದಿರಲಿ ಎಂದು ಹಾಗೆ ಮಾಡಿದ್ದೆ. ಆದರೆ ಹಸು ಎಮ್ಮೆ ಎರಡನ್ನೂ ಸಾಕಿದವರು ಹಸುವಿನ ಹಾಲು ಬೇರೆ, ಎಮ್ಮೆಯ ಹಾಲು ಬೇರೆ ಹಾಕುತ್ತಾರೆ. ಫ್ಯಾಟ್ ಬೇರೆ, ದರ ಬೇರೆ. ಎರಡು ಚೀಟಿ. ನನ್ನ ಟೇಬಲಿನಲ್ಲಿ ಎಮ್ಮೆ ಬಂದು ಹಸುವನ್ನು ಅಳಿಸಿಬಿಡುತ್ತಿತ್ತು. ಹಳ್ಳಿಯಲ್ಲಿ ಬೆಳೆದವಳಿಗೆ ಇದು ಹೊಳೆಯದೇ ಹೋದದ್ದು ನಾಚಿಕೆಯ ವಿಷಯ. ನಮ್ಮ ಮನೆಯಲ್ಲೇ ಎರಡು ಕ್ಯಾನು ಇದ್ದವು.

ಆ 47ನ್ನು ಸೇರಿಸಿ ಪತ್ರ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. ಅವರು 659ರಲ್ಲಿ ಯಾವುದೋ ಒಂದನ್ನು ಎತ್ತಿ ನೋಡುತ್ತಾರೆ, ಅದು ತಮ್ಮ ಫೈಲಿನಲ್ಲಿ ಇದೆ ಎಂದು ತೋರಿಸುತ್ತಾರೆ, ಉಳಿದ 612ನ್ನೂ ಯಾರೂ ನೋಡುವುದಿಲ್ಲ.

ಈ ಎರಡು ಬಗೆಯ ಖಾಲಿ ಜಾಗಗಳು ಆಕಾರದಲ್ಲೇ ಬೇರೆ ಇದ್ದವು ಎನ್ನುವುದು ನನಗೆ ಆಗ ಕಂಡಿತು. ನನ್ನ 47 ಎಲ್ಲ ಕೇಂದ್ರಗಳಲ್ಲಿ, ಎಲ್ಲ ದಿನಗಳಲ್ಲಿ, ಪಾಳಿಯ ನಡುನಡುವೆ, ಒಂದೊಂದಾಗಿ ಉದುರಿದ್ದವು. 18 ಇದೆ, 19 ಇಲ್ಲ, 20 ಇದೆ, ಹೀಗೆ. ಉಳಿದ 612 ಹಾಗಲ್ಲ. ಮೂರೇ ಕೇಂದ್ರ, 14, 17 ಮತ್ತು 22. ಎಂಟೇ ದಿನ. ಬೆಳಗಿನ ಪಾಳಿ ಮಾತ್ರ. ಎಲ್ಲವೂ ಪಾಳಿಯ ಆರಂಭದಲ್ಲಿ, ಒಂದೇ ಗುಂಪಾಗಿ. ಫೆಬ್ರವರಿ 6ರಂದು 14ನೇ ಕೇಂದ್ರದಲ್ಲಿ 1ರಿಂದ 31ರವರೆಗಿನ ಚೀಟಿ ಇಲ್ಲ. 32ರಿಂದ 92ರವರೆಗೆ ಒಂದೂ ತಪ್ಪದೆ ಇದೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ, ಏಕೆಂದರೆ ತುಂಡಾದದ್ದು ತಲೆಯೋ ಬಾಲವೋ ಎಂಬುದರ ಮೇಲೆ ಮುಂದಿನ ಹುಡುಕಾಟವೆಲ್ಲ ನಿಂತಿದೆ. ಬಾಲ ಹೋಗಿದ್ದರೆ ಫೈಲು ಅರ್ಧದಲ್ಲಿ ನಿಂತಿರಬಹುದು, ಅಥವಾ ಇಷ್ಟೇ ಸಾಲು ಎಂಬ ಮಿತಿ ಎಲ್ಲೋ ಇರಬಹುದು. 2020ರಲ್ಲಿ ಇಂಗ್ಲೆಂಡಿನಲ್ಲಿ ಆದದ್ದು ಈ ಬಗೆಯದು. ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಲ್ಯಾಬುಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸೆಲ್ ರೂಪದ ಫೈಲಿಗೆ ತುಂಬುತ್ತಿತ್ತು. ಆ ರೂಪದಲ್ಲಿ 65,536ಕ್ಕಿಂತ ಹೆಚ್ಚು ಸಾಲು ಹಿಡಿಯುವುದಿಲ್ಲ. ಮಿಕ್ಕವು ಸದ್ದಿಲ್ಲದೆ ಬಿದ್ದುಹೋಗಿ, ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣ ದಿನದ ಎಣಿಕೆಯಿಂದ ತಪ್ಪಿಸಿಕೊಂಡವು. ಅಂಥದ್ದಾದರೆ ಹೆಚ್ಚು ಸಾಲು ಇದ್ದ ದಿನ ಕಡೆಯವು ಹೋಗುತ್ತವೆ. ನೆಟ್‌ವರ್ಕ್ ಕೈಕೊಟ್ಟಿದ್ದರೆ ಎಲ್ಲೆಂದರಲ್ಲಿ ಹೋಗುತ್ತವೆ. ನಮ್ಮಲ್ಲಿ ತಲೆ ಹೋಗಿದೆ, ಕತ್ತಿಯಲ್ಲಿ ಕಡಿದ ಹಾಗೆ. ಹಾಗಾದರೆ ಆ ಕತ್ತಿ ಇಳಿದ ಗಳಿಗೆ ಯಾವುದು?

ನಾನು ಹಾಕಿದ ಪ್ರಶ್ನೆ ಇಷ್ಟೇ. ಮೂಲ ಫೈಲುಗಳನ್ನು ಏನೂ ಅಳಿಸದ ಬೇರೆ ಟೇಬಲಿಗೆ ತುಂಬಿ, ಅದರ ಮೇಲೆ:

```sql
SELECT centre_id, coll_date,
       MIN(slip_no), MIN(coll_time), COUNT(*)
FROM feed_raw
WHERE shift = 'M'
GROUP BY centre_id, coll_date
HAVING MIN(slip_no) > 2;
```

ಎರಡಕ್ಕಿಂತ ಹೆಚ್ಚು ಎಂದದ್ದು ಏಕೆಂದರೆ, ಕೆಲವು ಕೇಂದ್ರಗಳಲ್ಲಿ ಕಾರ್ಯದರ್ಶಿಗಳು ಯಂತ್ರ ಸರಿಯಿದೆಯೇ ನೋಡಲು ಮೊದಲ ಚೀಟಿಯನ್ನು ಹಾಲಿಲ್ಲದೆ ತೆಗೆಯುತ್ತಾರೆ. ಅದು ಫೈಲಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಮೊದಲಿನ 659ರಲ್ಲೂ ಅಂಥವನ್ನು ಸೇರಿಸಿರಲಿಲ್ಲ. ಇದು ಫೋನ್ ಮಾಡಿ ಕೇಳಿದಾಗ ಗೊತ್ತಾದದ್ದು, ಡೇಟಾ ನೋಡಿ ಅಲ್ಲ.

ಉತ್ತರ ಬಂತು, 24 ಸಾಲು. ಮೂರು ಕೇಂದ್ರ, ಎಂಟು ದಿನ. ಫೈಲಿನಲ್ಲಿದ್ದ ಮೊದಲ ಚೀಟಿಯ ಗಂಟೆ ನೋಡಿದೆ. 05:30:21. 05:30:47. 05:30:09. 05:31:02. ಇಪ್ಪತ್ತನಾಲ್ಕೂ ಐದೂವರೆ ಆದಮೇಲಿನ ಒಂದೆರಡು ನಿಮಿಷದೊಳಗೆ. ಐದೂವರೆಗೆ ಒಂದು ಸೆಕೆಂಡ್ ಮುಂಚಿನ ಚೀಟಿ ಒಂದೂ ಇಲ್ಲ.

ಭಾರತದಲ್ಲಿ ಕಂಪ್ಯೂಟರ್ ಕೆಲಸ ಮಾಡಿದ ಯಾರಿಗಾದರೂ ಐದೂವರೆ ಎಂಬ ಅಂಕಿ ಕಂಡರೆ ಕಿವಿ ನೆಟ್ಟಗಾಗುತ್ತದೆ. ನಮ್ಮ ಗಡಿಯಾರ ಜಾಗತಿಕ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿ ನಡುರಾತ್ರಿ ಹನ್ನೆರಡಾದಾಗ ಇಲ್ಲಿ ಬೆಳಿಗ್ಗೆ ಐದೂವರೆ. ಪಂಚಾಂಗದವರಿಗೆ ದಿನ ಶುರುವಾಗುವುದು ಸೂರ್ಯೋದಯಕ್ಕೆ, ನಡುರಾತ್ರಿಗಲ್ಲ. ಯುಟಿಸಿಯಲ್ಲಿ ನಡೆಯುವ ಸರ್ವರಿಗೂ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಆಗಲೇ ದಿನ ಹುಟ್ಟುವುದು.

ಅದು ಸರಿ, ಐದೂವರೆಗೆ ದಿನ ಬದಲಾದರೆ ಸಾಲು ಯಾಕೆ ಕಾಣೆಯಾಗಬೇಕು? ಹಿಂದಿನ ದಿನದ ಫೈಲಿನಲ್ಲಿ ಹೋಗಬೇಕಲ್ಲ? ನನಗೂ ಮೊದಲು ಹಾಗೇ ಅನ್ನಿಸಿತು, ಹುಡುಕಿದೆ, ಅಲ್ಲೂ ಇರಲಿಲ್ಲ. ರಾತ್ರಿ ಹನ್ನೆರಡೂ ಹತ್ತಕ್ಕೆ ಹೊರಡುವ ರೈಲಿಗೆ ಟಿಕೆಟ್ ತೆಗೆದವರು ಒಂದು ದಿನ ತಡವಾಗಿ ಸ್ಟೇಷನ್ನಿಗೆ ಹೋಗಿ ಪೇಚಾಡುವುದನ್ನು ನೀವು ನೋಡಿರುತ್ತೀರಿ. ಇದೂ ಹಾಗೆಯೇ. ಮಂಗಳವಾರ ನಸುಕಿನ ಐದು ಗಂಟೆಯ ಚೀಟಿ, ಯುಟಿಸಿ ಲೆಕ್ಕದಲ್ಲಿ ಸೋಮವಾರ ರಾತ್ರಿ ಹನ್ನೊಂದೂವರೆಯದು, ಅಂದರೆ ಸೋಮವಾರದ್ದು. ಆದರೆ ಸೋಮವಾರದ ಫೈಲು ಸೋಮವಾರ ರಾತ್ರಿ ನಮ್ಮ ಒಂಬತ್ತು ಗಂಟೆಗೇ ಹೊರಟುಹೋಗಿದೆ. ಆಗ ಆ ಹಾಲನ್ನು ಇನ್ನೂ ಕರೆದೇ ಇರಲಿಲ್ಲ. ಮಂಗಳವಾರ ರಾತ್ರಿಯ ಫೈಲು "ಇವತ್ತಿನವು ಬನ್ನಿ" ಎಂದು ಕರೆದಾಗ ಈ ಚೀಟಿಗಳು "ನಾವು ನಿನ್ನೆಯವು" ಎಂದು ಕೂತಿರುತ್ತವೆ. ಒಂದು ರೈಲು ಹೋಗಿಯಾಯಿತು, ಇನ್ನೊಂದು ಹತ್ತಿಸಿಕೊಳ್ಳುವುದಿಲ್ಲ.

ಇನ್ನು ಕೆಲವೇ ದಿನ, ಮೂರೇ ಕೇಂದ್ರ ಯಾಕೆ ಎನ್ನುವುದು. ಇದಕ್ಕೆ ಡೇಟಾಬೇಸಿನಲ್ಲಿ ಉತ್ತರ ಇರಲಿಲ್ಲ. ಹಾಲಿನ ಗಾಡಿಯ ಮಾರ್ಗ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. "ಮಂಗಳವಾರ ಸಂತೆ ಅಲ್ವಾ ಮೇಡಂ" ಎಂದರು, ಇಷ್ಟೂ ಗೊತ್ತಿಲ್ಲವೇ ಎನ್ನುವ ಧಾಟಿಯಲ್ಲಿ. ಆ ಮೂರು ಊರು ಸಂತೆಯ ಊರಿನ ಆಚೆ ಇವೆ. ಸಂತೆಯ ದಿನ ಏಳು ಗಂಟೆ ಕಳೆದರೆ ಆ ರಸ್ತೆಯಲ್ಲಿ ಗಾಡಿ ನುಗ್ಗುವುದಿಲ್ಲ, ಆದ್ದರಿಂದ ಬೇರೆ ದಿನ ಕೊನೆಗೆ ಹೋಗುವ ಕೇಂದ್ರಗಳಿಗೆ ಅವತ್ತು ಮೊದಲು ಹೋಗುತ್ತಾರೆ. ಬೇರೆ ದಿನ ಆರು ಗಂಟೆಗೆ ಬಾಗಿಲು ತೆರೆಯುವ ಕೇಂದ್ರ ಅವತ್ತು ಐದಕ್ಕೆ ಮುಂಚೆ ತೆರೆಯುತ್ತದೆ.

ಮಂಗಳವಾರ ಎನ್ನುವುದು ನನಗೆ ಮೊದಲೇ ಕಂಡಿತ್ತು. ಆದರೆ ಎಂಟು ದಿನಗಳಲ್ಲಿ ಏಳು ಮಾತ್ರ ಮಂಗಳವಾರ. ಜನವರಿ 16ರ ಮಂಗಳವಾರ ಒಂದು ಸಾಲೂ ತಪ್ಪಿರಲಿಲ್ಲ. ಬದಲಿಗೆ 13ರ ಶನಿವಾರ ತಪ್ಪಿದ್ದವು. ಈ ಎರಡು ದಿನ ನನ್ನನ್ನು ಎರಡು ದಿನ ಕಾಡಿದವು. ಮಂಗಳವಾರ ಎನ್ನುವ ಊಹೆಯನ್ನು ಇವು ಕೆಡಿಸುತ್ತವೆ ಎಂದುಕೊಂಡಿದ್ದೆ. ಸಂತೆ ಎಂದಾಗ ಇವೇ ಅದನ್ನು ಗಟ್ಟಿ ಮಾಡಿದವು. ಆ ವರ್ಷ ಸಂಕ್ರಾಂತಿ 15ರ ಸೋಮವಾರ. ಹಬ್ಬಕ್ಕೆ ಎಳ್ಳು ಬೆಲ್ಲ ಕಬ್ಬು ಬೇಕಲ್ಲ, ಹಬ್ಬದ ಮರುದಿನ ಸಂತೆ ಮಾಡಿ ಯಾರಿಗೆ ಮಾರುವುದು? ಶನಿವಾರವೇ ಸಂತೆ ಸೇರಿತ್ತು.

ಇಷ್ಟಾದ ಮೇಲೆ ಡಿಸೆಂಬರಿನ ಫೈಲುಗಳನ್ನು ತೆಗೆದೆ. ಡಿಸೆಂಬರ್ 26ರ ಮಂಗಳವಾರ, ಅದೇ ಸಂತೆ, ಅದೇ 14ನೇ ಕೇಂದ್ರ: ಮೊದಲ ಚೀಟಿ 1, ಗಂಟೆ 04:53. ಬಂದಿದೆ. ಒಂದು ವಾರದ ನಂತರ ಜನವರಿ 2ಕ್ಕೆ ಇಲ್ಲ. ಅಂದರೆ ಆ ಏಳು ದಿನದಲ್ಲಿ ಅವರ ಕಡೆ ಏನೋ ಬದಲಾಗಿದೆ.

ಪತ್ರ ಬರೆಯಲು ಕೂತದ್ದು ಇಷ್ಟಾದ ಮೇಲೆ. ಮೂಲ ಇಂಗ್ಲಿಷಿನಲ್ಲಿತ್ತು, ಅವರ ತಂಡ ಹೊರ ರಾಜ್ಯದ್ದು. ಇಲ್ಲಿ ಕನ್ನಡದಲ್ಲಿ ಓದುತ್ತೇನೆ. ಕೊನೆಗಿದ್ದ ಪಟ್ಟಿಯನ್ನು ಬಿಟ್ಟಿದ್ದೇನೆ.

"ವಿಷಯ: ಬೆಳಗಿನ ಪಾಳಿಯಲ್ಲಿ 5.30ಕ್ಕಿಂತ ಮುಂಚಿನ ಸಾಲುಗಳು ದೈನಿಕ ಫೈಲಿನಲ್ಲಿಲ್ಲ. 3 ಕೇಂದ್ರ, 8 ದಿನ, 612 ಸಾಲು.

ಮಾನ್ಯರೇ,

ಕಳೆದ ವಾರ ನಾನು ಕಳಿಸಿದ ಮೇಲಿನಲ್ಲಿ ವಿವರ ಇರಲಿಲ್ಲ, ಕ್ಷಮಿಸಿ. ಇದನ್ನು ಅದರ ಬದಲಿಗೆ ಓದಬೇಕು.

ಜನವರಿ 1ರಿಂದ ಫೆಬ್ರವರಿ 25ರವರೆಗಿನ ನಿಮ್ಮ 56 ಫೈಲುಗಳನ್ನು, ನಮ್ಮ ಡೇಟಾಬೇಸಿಗೆ ತುಂಬುವ ಮೊದಲಿನ ರೂಪದಲ್ಲೇ, ಪರಿಶೀಲಿಸಿದ್ದೇವೆ. ನಮ್ಮ ಪ್ರೋಗ್ರಾಮಿನಲ್ಲೂ ಒಂದು ದೋಷ ಸಿಕ್ಕಿದೆ, 47 ಸಾಲು ನಮ್ಮಲ್ಲೇ ಅಳಿಸಿಹೋಗಿದ್ದವು. ಅವು ಕೆಳಗಿನ ಯಾವ ಲೆಕ್ಕದಲ್ಲೂ ಸೇರಿಲ್ಲ.

ಒಂದು ಉದಾಹರಣೆ. ಕೇಂದ್ರ 14, ಫೆಬ್ರವರಿ 6, ಬೆಳಗಿನ ಪಾಳಿ. ಫೈಲಿನಲ್ಲಿರುವ ಮೊದಲ ಚೀಟಿ 32, ಗಂಟೆ 05:30:21. ಕೇಂದ್ರದಲ್ಲಿರುವ ಚೀಟಿಗಳ ಪ್ರತಿಯಲ್ಲಿ 1ರಿಂದ 31ರವರೆಗೂ ಇವೆ. 1ನೆಯದರ ಗಂಟೆ 04:51, 31ನೆಯದರದ್ದು 05:29:12. ಈ 31 ಚೀಟಿಗಳ ಒಟ್ಟು ಹಾಲು 203.5 ಲೀಟರ್. ಅದೇ ದಿನ ಶೀತಲೀಕರಣ ಕೇಂದ್ರದ ತೂಕಕ್ಕೂ ನಿಮ್ಮ ಫೈಲಿನ ಮೊತ್ತಕ್ಕೂ ಇರುವ ವ್ಯತ್ಯಾಸ 203.7 ಲೀಟರ್. ಚೀಟಿಗಳ ಫೋಟೋ ಲಗತ್ತಿಸಿದ್ದೇನೆ.

ಉಳಿದ 23 ಪಾಳಿಗಳಲ್ಲೂ ಹೀಗೆಯೇ ಇದೆ, ಪಟ್ಟಿ ಕೊನೆಗಿದೆ. ಎಲ್ಲದರಲ್ಲೂ 05:30:00ಕ್ಕಿಂತ ಮುಂಚಿನ ಸಾಲುಗಳು ಪೂರ್ತಿ ಇಲ್ಲ, ಅನಂತರದವು ಪೂರ್ತಿ ಇವೆ. ಡಿಸೆಂಬರ್ 26ರವರೆಗೆ 05:30ಕ್ಕಿಂತ ಮುಂಚಿನ ಸಾಲುಗಳು ಸರಿಯಾಗಿ ಬರುತ್ತಿದ್ದವು. ಜನವರಿ 2ರಿಂದ ಬಂದಿಲ್ಲ. ನಿನ್ನೆ, ಫೆಬ್ರವರಿ 27ರಂದೂ, ಹೀಗೇ ಆಗಿದೆ. ಅದನ್ನು ಎಣಿಕೆಗೆ ಸೇರಿಸಿಲ್ಲ. ಈ ಕೇಂದ್ರಗಳು ಮಾರ್ಚ್ 5ರಂದು ಮತ್ತೆ 05:30ಕ್ಕೆ ಮುಂಚೆ ತೆರೆಯುತ್ತವೆ, ನೀವು ಅವತ್ತು ನೇರವಾಗಿ ನೋಡಬಹುದು.

ನಮ್ಮ ಕೋರಿಕೆ ಮೂರು. ಮೊದಲಿಗೆ, ಮೇಲೆ ಹೇಳಿದ 31 ಚೀಟಿಗಳು ನಿಮ್ಮ ಡೇಟಾಬೇಸಿನಲ್ಲಿ ಇವೆಯೇ, ಇಲ್ಲವೇ ಎಂದು ತಿಳಿಸಿ. ಇದ್ದರೆ, ಬಿಟ್ಟುಹೋದ ಸಾಲುಗಳನ್ನು ಮಾತ್ರ ಬೇರೆ ಫೈಲಿನಲ್ಲಿ, ಅದೇ ಕಾಲಂ ಕ್ರಮದಲ್ಲಿ ಕಳಿಸಿ; ಹಳೆಯ ಫೈಲುಗಳನ್ನು ಬದಲಾಯಿಸಬೇಡಿ. ಮೂರನೆಯದಾಗಿ, ಇನ್ನು ಮುಂದೆ ಪ್ರತಿ ಫೈಲಿನ ಜೊತೆ ಪ್ರತಿ ಕೇಂದ್ರದ ಪಾಳಿ ಮುಕ್ತಾಯದ ಚೀಟಿಯಲ್ಲಿ ಯಂತ್ರ ತೋರಿಸಿದ ಕೊನೆಯ ಚೀಟಿ ಸಂಖ್ಯೆ ಮತ್ತು ಒಟ್ಟು ಲೀಟರ್ ಕೊಡಿ.

ಡಿಸೆಂಬರ್ 26 ಮತ್ತು ಜನವರಿ 2ರ ನಡುವೆ ಸರ್ವರಿನಲ್ಲಿ ಅಥವಾ ಅದರ ಟೈಮ್ ಝೋನಿನಲ್ಲಿ ಏನಾದರೂ ಬದಲಾಗಿತ್ತೇ? ಇದು ನಮ್ಮ ಊಹೆ ಮಾತ್ರ."

ಇಷ್ಟೇ ಪತ್ರ.

ಊಹೆಯನ್ನು ಕೊನೆಗೆ, ಒಂದೇ ಸಾಲಿನಲ್ಲಿ ಇಟ್ಟದ್ದು ಬೇಕೆಂದೇ. ನನಗೆ ಕಾರಣ ಗೊತ್ತಿದೆ ಎಂದು ಬಹುಮಟ್ಟಿಗೆ ಖಾತ್ರಿ ಇತ್ತು. ಆದರೆ ಅವರ ಸರ್ವರ್ ನಾನು ನೋಡಿಲ್ಲ. "ನಿಮ್ಮ ಟೈಮ್ ಝೋನ್ ತಪ್ಪಿದೆ" ಎಂದು ಶುರು ಮಾಡಿ, ಅದು ತಪ್ಪಿಲ್ಲದೆ ಇನ್ನೇನೋ ಆಗಿದ್ದರೆ, ಅವರು ನನ್ನ ಊಹೆಯನ್ನು ತಳ್ಳಿಹಾಕುವ ಭರದಲ್ಲಿ 612 ಸಾಲನ್ನೂ ತಳ್ಳಿಹಾಕುತ್ತಾರೆ. ನಮ್ಮ ಮ್ಯಾನೇಜರರಿಗೆ ಒಪ್ಪಂದದ ದಂಡದ ಕಲಮು ಸೇರಿಸಬೇಕೆಂದು ಇತ್ತು. ಅದನ್ನು ಬೇರೆ ಪತ್ರದಲ್ಲಿ ಬೇರೆಯವರಿಗೆ ಬರೆಯಿರಿ ಎಂದು ಕೇಳಿಕೊಂಡೆ. ದಂಡ ಎಂಬ ಪದ ಕಂಡ ಕೂಡಲೇ ಮೇಲು ಎಂಜಿನಿಯರ ಕೈಯಿಂದ ವಕೀಲರ ಕೈಗೆ ಹೋಗುತ್ತದೆ, ವಕೀಲರು ಕ್ವೆರಿ ತಿದ್ದುವುದಿಲ್ಲ.

47ನ್ನು ಒಪ್ಪಿಕೊಂಡದ್ದಕ್ಕೆ ಕಚೇರಿಯಲ್ಲಿ ಆಕ್ಷೇಪ ಬಂತು. ನಮ್ಮ ತಪ್ಪು ನಾವೇ ಯಾಕೆ ಹೇಳಬೇಕು ಎಂದು. ನನ್ನ ಲೆಕ್ಕ ಇದು: ನಮ್ಮ ಕಡೆ ಪರಿಶೀಲಿಸಿ ಎಂದು ಅವರು ಕೇಳಿದ್ದರು, ಪರಿಶೀಲಿಸಿದೆವು, ಇಷ್ಟು ಸಿಕ್ಕಿತು, ತೆಗೆದುಹಾಕಿದೆವು. ಆ ಪ್ರಶ್ನೆ ಇನ್ನೊಮ್ಮೆ ಕೇಳುವ ಹಾಗಿಲ್ಲ.

ಮೂರನೆಯ ಕೋರಿಕೆಗೆ ಬರುತ್ತೇನೆ, ಆಗಲೇ ಹೇಳುತ್ತೇನೆಂದ ಸೂಕ್ಷ್ಮ ಇಲ್ಲಿದೆ. ತಯಾರಾದ ಸಾಲುಗಳೂ ಕಳಿಸಿದ ಸಾಲುಗಳೂ ಒಂದೇ ಎಂದು ಅವರ ಲಾಗ್ ಹೇಳಿತ್ತಲ್ಲ. ಅದು ಯಾವಾಗಲೂ ಒಂದೇ ಇರುತ್ತದೆ! ಎರಡೂ ಎಣಿಕೆ ಒಂದೇ ಕ್ವೆರಿಯಿಂದ ಬಂದವು. ಜರಡಿಯಿಂದ ಕೆಳಗೆ ಬಿದ್ದ ಹಿಟ್ಟನ್ನು ಎರಡು ಸಲ ತೂಗಿದರೆ ಜರಡಿಯಲ್ಲಿ ಎಷ್ಟು ಉಳಿಯಿತೆಂದು ತಿಳಿಯುವುದಿಲ್ಲ. ಹೋಲಿಸಬೇಕಾದ ಸಂಖ್ಯೆ ಜರಡಿಗೆ ಹಾಕುವ ಮುಂಚಿನದು, ಅಂದರೆ ಯಂತ್ರ ಪಾಳಿ ಮುಗಿಸುವಾಗ ತಾನೇ ಮುದ್ರಿಸುವ ಚೀಟಿಯದು. ನನ್ನ ಕ್ವೆರಿ ತಲೆ ಹೋದದ್ದನ್ನು ಹಿಡಿಯುತ್ತದೆ, ನಡುವೆ ಹೋದದ್ದನ್ನು ಇನ್ನೊಂದು ಕ್ವೆರಿ ಹಿಡಿಯಬಹುದು. ಆದರೆ ಬಾಲ ಹೋದರೆ, ಕೊನೆಯ ಸಂಖ್ಯೆ ಎಷ್ಟೆಂದು ಹೊರಗಿನಿಂದ ಗೊತ್ತಿಲ್ಲದೆ ಯಾರೂ ಹಿಡಿಯಲಾರರು. ಕರೆಂಟು ಹೋಗಿ ಪುಸ್ತಕದಲ್ಲಿ ಕೈಯಿಂದ ಬರೆದ ಹಾಲನ್ನು ಇದು ಯಾವುದೂ ಹಿಡಿಯುವುದಿಲ್ಲ. ಅಲ್ಲಿ ಗಾಡಿಯ ತೂಕವೇ ಗತಿ.

ಪತ್ರ ಹೋದದ್ದು ಫೆಬ್ರವರಿ 28ರ ಬುಧವಾರ. ಶುಕ್ರವಾರ ಉತ್ತರ ಬಂತು, ಈ ಸಲ ಬರೆದವರು ಸಹಾಯವಾಣಿಯವರಲ್ಲ, ಡೇಟಾಬೇಸ್ ನೋಡಿಕೊಳ್ಳುವ ಎಂಜಿನಿಯರ್. 31 ಚೀಟಿಯೂ ಅವರಲ್ಲಿ ಇದ್ದವು. ವರ್ಷದ ಕೊನೆಯ ವಾರಾಂತ್ಯದಲ್ಲಿ ಅವರು ತಮ್ಮ ಕಚೇರಿಯ ಸರ್ವರಿನಿಂದ ಕ್ಲೌಡಿಗೆ ಹೋಗಿದ್ದರು. ಹಳೆಯದು ನಮ್ಮ ಸಮಯದಲ್ಲಿತ್ತು, ಹೊಸದು ಯುಟಿಸಿಯಲ್ಲಿ. ಫೈಲು ರಾತ್ರಿ ಒಂಬತ್ತಕ್ಕೇ ಹೊರಡಲಿ ಎಂದು ಕೆಲಸದ ವೇಳೆಯನ್ನು ಯುಟಿಸಿಯ 15:30ಕ್ಕೆ ನೆನಪಿಟ್ಟು ಬದಲಾಯಿಸಿದ್ದಾರೆ. ಕ್ವೆರಿಯ ಒಳಗಿದ್ದ ಈ ಸಾಲನ್ನು ಮರೆತಿದ್ದಾರೆ:

```sql
WHERE created_at >= CURRENT_DATE
```

`CURRENT_DATE` ಎಂದರೆ ಇವತ್ತು. ಯಾರ ಇವತ್ತು ಎಂದು ಅದು ಹೇಳುವುದಿಲ್ಲ, ಸರ್ವರನ್ನು ಕೇಳುತ್ತದೆ. ಫೈಲು ಎಂದಿನ ಹೊತ್ತಿಗೇ ಬರುತ್ತಿದ್ದುದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ.

ಬಿಟ್ಟುಹೋದ ಸಾಲುಗಳು ಮುಂದಿನ ವಾರ ಬಂದವು, ಒಂದು ಎಡವಟ್ಟಿನೊಂದಿಗೆ. ಬಿಟ್ಟುಹೋದವನ್ನು ಮಾತ್ರ ಕಳಿಸಿ ಎಂದು ಬರೆದಿದ್ದರೂ ಅವರು ಎಂಟು ವಾರವನ್ನೂ ಪೂರ್ತಿ ಕಟ್ಟಿ ಕಳಿಸಿದರು. ಯಾವ ನಿಯಮವೂ ಇಲ್ಲದೆ ಹಾಗೇ ತುಂಬಿದ್ದರೆ ಇಡೀ ತಾಲ್ಲೂಕಿನ ಹಾಲು ಇಮ್ಮಡಿಯಾಗುತ್ತಿತ್ತು. ಅಷ್ಟರಲ್ಲಿ ನಾನು ಟೇಬಲಿನ ನಿಯಮ ತಿದ್ದಿ, ಕಳೆದಿದ್ದ 47ನ್ನೂ ಮತ್ತೆ ತುಂಬಿದ್ದೆ. ಹೊಸ ನಿಯಮ: ಕೇಂದ್ರ, ದಿನ, ಪಾಳಿ, ಚೀಟಿ ಸಂಖ್ಯೆ. ರೈತರ ಸಂಖ್ಯೆ ಇಲ್ಲ. ಇದ್ದ ಸಾಲುಗಳ ಮೇಲೆ ಅವೇ ಕೂತವು, ಇಲ್ಲದವು ಹೊಸದಾಗಿ ಸೇರಿದವು. ಎಣಿಸಿದೆ, 612. ಹಿಂಬಾಕಿ ಎಂದು ಲೆಕ್ಕಪತ್ರದವರು ಆಗಲೇ ಕೊಟ್ಟಿದ್ದ ಹಣವನ್ನು ಇವುಗಳ ಎದುರು ಹೊಂದಿಸುವುದಕ್ಕೆ ಮಾತ್ರ ಮತ್ತೆ ಹತ್ತು ದಿನ ಬೇಕಾಯಿತು. ಅದು ಬೇರೆಯೇ ಗೋಳು, ಇವತ್ತು ಬೇಡ.

ಮಾರ್ಚ್ 5ರ ಮಂಗಳವಾರ ರಾತ್ರಿ ಮನೆಯಿಂದಲೇ ಫೈಲು ತೆರೆದು ನೋಡಿದೆ. ಕೇಂದ್ರ 14, ಚೀಟಿ 1, ಗಂಟೆ 04:52.

ಅವರ ತಿದ್ದುಪಡಿಯಲ್ಲಿ ಇನ್ನೊಂದು ತೂತು ಉಳಿದಿತ್ತು, ನಿಮ್ಮಲ್ಲಿ ಯಾರಿಗಾದರೂ ಈಗಾಗಲೇ ಕಂಡಿರಬಹುದು. ದಿನ ನಮ್ಮ ನಡುರಾತ್ರಿಗೆ ಶುರುವಾಗುವ ಹಾಗೆ ಮಾಡಿದರು, ಸರಿ. ಫೈಲು ಮಾತ್ರ ರಾತ್ರಿ ಒಂಬತ್ತಕ್ಕೇ ಕಟ್ಟುತ್ತಾರೆ. ಒಂಬತ್ತರ ನಂತರ ಸರ್ವರಿಗೆ ಸೇರಿದ ಸಾಲಿನ ಗತಿ? ಸಂಜೆ ಯಾರೂ ಅಷ್ಟು ಹೊತ್ತಿಗೆ ಹಾಲು ಹಾಕುವುದಿಲ್ಲ, ನಿಜ. ಆದರೆ `created_at` ಎನ್ನುವುದು ಹಾಲು ಹಾಕಿದ ಗಂಟೆಯಲ್ಲ, ಸಾಲು ಸರ್ವರಿಗೆ ಮುಟ್ಟಿದ ಗಂಟೆ. ಜೂನಿನಲ್ಲಿ ಗಾಳಿಮಳೆಗೆ ಒಂದು ಊರಿನ ಟವರ್ ಬಿದ್ದು, ಸಂಜೆಯ ಚೀಟಿಗಳು ರಾತ್ರಿ ಹತ್ತೂವರೆಗೆ ಹೋಗಿ ಸೇರಿದವು. ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ಮುದ್ರಿತವಾದ ಪಾಳಿ ಮುಕ್ತಾಯದ ಚೀಟಿ 58 ಎನ್ನುತ್ತಿತ್ತು, ಫೈಲಿನಲ್ಲಿ ಕೊನೆಯ ಚೀಟಿ 19. ಚಹಾ ಆರುವ ಮೊದಲೇ ಅದೇ ಎಂಜಿನಿಯರಿಗೆ ಪತ್ರ ಬರೆದೆ. ನಾಲ್ಕು ಸಾಲಿನದು: ಕೇಂದ್ರ, ದಿನ, ಎರಡು ಸಂಖ್ಯೆ, ಮತ್ತು ಫೈಲು ಕಟ್ಟುವ ವೇಳೆಯನ್ನು ರಾತ್ರಿ ಒಂದು ಗಂಟೆಗೆ ಹಾಕಿ ಹಿಂದಿನ ಮೂರು ದಿನವನ್ನೂ ಸೇರಿಸಿ ಕಳಿಸಲಾದೀತೇ ಎಂಬ ಪ್ರಶ್ನೆ. ಆದೀತು ಎಂದು ಮಧ್ಯಾಹ್ನಕ್ಕೇ ಬರೆದರು.